ಹಳೆಯ ಕ್ರಯಪತ್ರದ ಗಜ, ಮೊಳ, ಹಸ್ತ: ಮೀಟರಿಗೆ ತರುವ ಬಗೆ

ಹಳೆಯ ಕ್ರಯಪತ್ರದ ಷೆಡ್ಯೂಲಿನಲ್ಲಿ ‘ಪೂರ್ವ ಪಶ್ಚಿಮ ಹದಿನೆಂಟು ಗಜ’ ಎಂದಿದ್ದರೆ, ಮೊಬೈಲಿನಲ್ಲಿ 18ನ್ನು 0.9144ರಿಂದ ಗುಣಿಸಿ 16.46 ಮೀಟರ್ ಎಂದು ಬರೆದುಕೊಳ್ಳುವುದು ಒಂದು ನಿಮಿಷದ ಕೆಲಸ. ಬಹಳ ಸಲ ಆ ಉತ್ತರ ಸರಿಯಾಗಿಯೂ ಇರುತ್ತದೆ. ಆದರೆ ಆ ಗುಣಾಕಾರದೊಳಗೆ ಒಂದು ಊಹೆ ಸೇರಿಕೊಂಡಿದೆ: ಪತ್ರ ಬರೆದವನ ಗಜ 36 ಇಂಚಿನದು ಎಂಬುದು. ಮದರಾಸಿನ ಲೆಕ್ಕದಲ್ಲಿ 33 ಇಂಚಿನ ಗಜವಿತ್ತು, ಮುಂಬಯಿಯ ಲೆಕ್ಕದಲ್ಲಿ 27 ಇಂಚಿನ ಗಜವಿತ್ತು. ಅದೇ ಹದಿನೆಂಟು ಗಜ ಮೊದಲನೆಯದರಲ್ಲಿ 15.09 ಮೀಟರ್ ಆಗುತ್ತದೆ, ಎರಡನೆಯದರಲ್ಲಿ 12.34 ಮೀಟರಿಗೆ ಇಳಿಯುತ್ತದೆ. ಹಾಗಾಗಿ ಪರಿವರ್ತನೆಯಲ್ಲಿ ಗುಣಾಕಾರ ಕೊನೆಯ ಹೆಜ್ಜೆ. ಈ ಪತ್ರದಲ್ಲಿ, ಈ ನಿವೇಶನದಲ್ಲಿ ಗಜ ಎಂದರೆ ಎಷ್ಟು ಎಂದು ಪತ್ರದಿಂದಲೂ ನೆಲದಿಂದಲೂ ಹೊರಡಿಸಿಕೊಳ್ಳುವುದೇ ನಿಜವಾದ ಕೆಲಸ. ಅದನ್ನು ಮಾಡುವ ಕ್ರಮ ಇಲ್ಲಿದೆ.

ಮೊದಲು ಒಂದು ಮಾತು. ಸರ್ವೆ ನಂಬರಿರುವ ಹೊಲ ಗದ್ದೆಗಳಿಗೆ ಈ ಕಷ್ಟ ಹೆಚ್ಚಾಗಿ ಬರುವುದಿಲ್ಲ. ಹಳೆ ಮೈಸೂರಿನಲ್ಲಿ 1863ರಿಂದ ಆರಂಭವಾದ ಸರ್ವೆ ಮುಂಬಯಿ ಪದ್ಧತಿಯದು. ಅದರಲ್ಲಿ 33 ಅಡಿಯ ಸರಪಳಿ, ಸರಪಳಿಗೆ 16 ಆಣೆ, 33 ಅಡಿ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಂಥ ಜಮೀನಿಗೆ ಸರ್ವೆ ಇಲಾಖೆಯ ಟಿಪ್ಪಣಿಯೇ ಅಳತೆಯ ಮೂಲ; ಕ್ರಯಪತ್ರದಲ್ಲಿ ಗಜ ಕಂಡರೂ ಟಿಪ್ಪಣಿಯ ನಕಲು ತೆಗೆಸಿ ನೋಡುವುದು ಒಳ್ಳೆಯದು. ಗಜ, ಮೊಳ, ಹಸ್ತಗಳು ನಿಜವಾಗಿ ಕಾಡುವುದು ಊರೊಳಗಿನ ಆಸ್ತಿಯಲ್ಲಿ: ಮನೆ, ಹಿತ್ತಲು, ಖಾಲಿ ನಿವೇಶನ, ಅಂಗಡಿ ಸಾಲು, ಮಠ ದೇವಸ್ಥಾನಗಳ ಆವರಣ. ಗ್ರಾಮಠಾಣಾ ಒಳಗೆ ಸರಪಳಿ ಹಿಡಿದು ಅಳೆದದ್ದು ಕಡಿಮೆ. ಅಲ್ಲಿ ಪತ್ರ ಬರೆಯುವವನು ತನಗೆ ರೂಢಿಯಾದ ಕೋಲಿನಲ್ಲೋ ಹಗ್ಗದಲ್ಲೋ ಅಳೆಸಿ ಬರೆದಿದ್ದಾನೆ.

ಅಳತೆಗಳ ಒಳಸಂಬಂಧ

ಗೊಂದಲ ತಪ್ಪಿಸಲು ಈ ಲೇಖನದಲ್ಲಿ 2.54 ಸೆಂಟಿಮೀಟರಿನ ಅಳತೆಯನ್ನು ಇಂಚು ಎಂದೇ ಕರೆಯುತ್ತೇನೆ. ಅಂಗುಲದ ಕಥೆ ಬೇರೆ, ಅದು ಮುಂದೆ ಬರುತ್ತದೆ.

ಮೊಳ ಎಂದರೆ ಮೊಳಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಲೆಕ್ಕಕ್ಕೆ ಅದನ್ನು 18 ಇಂಚು, ಅಂದರೆ 45.72 ಸೆಂಟಿಮೀಟರ್ ಎಂದು ಹಿಡಿಯುವುದು ರೂಢಿ. ಮೊಳದ ಅರ್ಧಕ್ಕೆ ಒಂದು ಗೇಣು, 9 ಇಂಚು. ಎರಡು ಮೊಳಕ್ಕೆ ಒಂದು ಗಜ, ನಾಲ್ಕು ಮೊಳಕ್ಕೆ ಒಂದು ಮಾರು. ಸಂಸ್ಕೃತದ ವಾಸನೆಯಿರುವ ಪತ್ರಗಳಲ್ಲಿ ಮೊಳದ ಜಾಗಕ್ಕೆ ಹಸ್ತ ಬರುತ್ತದೆ. ತಮಿಳಿನಲ್ಲಿ ಬರೆದ ಪತ್ರವಾದರೆ ಮುಳಂ, ತೆಲುಗಿನದಾದರೆ ಮೂರ, ಮರಾಠಿಯದಾದರೆ ಹಾತ್. 1956ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದ ಕೊಳ್ಳೇಗಾಲದ ಕಡೆಯ ಪತ್ರದಲ್ಲಿ ಮುಳಂ ಕಂಡರೆ, ಬಳ್ಳಾರಿ ಕಡೆಯ ಪತ್ರದಲ್ಲಿ ಮೂರ ಕಂಡರೆ ಗಾಬರಿ ಬೇಡ. ಅವು ನಮ್ಮ ಮೊಳವೇ.

ಹಸ್ತದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಶಿಲ್ಪಶಾಸ್ತ್ರದ ಗ್ರಂಥಗಳಲ್ಲಿ 24 ಅಂಗುಲದ ಹಸ್ತದ ಜೊತೆಗೆ 25, 26, 27 ಅಂಗುಲದ ಹಸ್ತಗಳೂ ಇವೆ. ದೇವಸ್ಥಾನದ ಕಟ್ಟಡದ ವಿವರಣೆಯಲ್ಲಿ ಹಸ್ತ ಬಂದರೆ ಇದು ಲೆಕ್ಕಕ್ಕೆ ಬರಬಹುದು. ಭೂಮಿಯ ಕ್ರಯಪತ್ರದಲ್ಲಿ ಹಸ್ತ ಎಂದಿದ್ದರೆ 24 ಅಂಗುಲದ ಸಾದಾ ಮೊಳ ಎಂದು ಆರಂಭಿಸಿ, ನೆಲದ ಅಳತೆ ಒಪ್ಪದಿದ್ದಾಗ ಮಾತ್ರ ಬೇರೆ ಯೋಚನೆ ಮಾಡಬೇಕು.

ಮೊಳಕ್ಕಿಂತ ಹೆಚ್ಚು ಅಲುಗಾಡುವುದು ಗಜ. 36 ಇಂಚಿನ ಗಜ ಬ್ರಿಟಿಷ್ ಯಾರ್ಡಿಗೆ ಸರಿಹೊಂದಿಸಿದ್ದು, ಸರಿಯಾಗಿ ಎರಡು ಮೊಳ. ಮದರಾಸಿನ ಗಜ 33 ಇಂಚು. ಮೊಗಲರ ಇಲಾಹಿ ಗಜವನ್ನೂ ಬ್ರಿಟಿಷರು ಉತ್ತರ ಭಾರತದ ಭೂಮಾಪನಕ್ಕೆ 33 ಇಂಚು ಎಂದೇ ಗೊತ್ತುಮಾಡಿದ್ದರು. ಮುಂಬಯಿಯ 27 ಇಂಚಿನ ಗಜ ಒಂದೂವರೆ ಮೊಳ. ಅದನ್ನು 24 ತಸು ಎಂದು ಭಾಗಿಸುತ್ತಿದ್ದರು. ಈ 27ರ ಗಜ ಹೆಚ್ಚಾಗಿ ಬಟ್ಟೆ ಅಂಗಡಿಯದು. ಆದರೆ ಪತ್ರದಲ್ಲಿ ಗಜದ ಹಿಂದೆ ತಸು ಎಂಬ ಪದ ಕಂಡರೆ ಅದನ್ನು ಲೆಕ್ಕದಿಂದ ಬಿಡುವ ಹಾಗಿಲ್ಲ.

ಪತ್ರದ ವರ್ಷ ಮತ್ತು ಜಿಲ್ಲೆ ಇಲ್ಲಿ ದಾರಿ ತೋರಿಸುತ್ತವೆ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಬೆಳಗಾವಿ, ಧಾರವಾಡ, ವಿಜಯಪುರ ಮುಂಬಯಿಗೆ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿಗೆ ವರ್ಗಾಯಿಸಲಾಯಿತು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನವು. ಆದರೆ ಇದು ದಾರಿ ಮಾತ್ರ, ತೀರ್ಪಲ್ಲ. ಮದರಾಸು ಪ್ರಾಂತ್ಯದ ಪತ್ರವೆಂದ ಮಾತ್ರಕ್ಕೆ 33 ಎಂದು ತೀರ್ಮಾನಿಸಿದರೂ ತಪ್ಪೇ, ಏಕೆಂದರೆ ನೋಂದಣಿ ಕಚೇರಿಗಳು ಬಂದ ಮೇಲೆ 36 ಇಂಚಿನ ಗಜ ಎಲ್ಲ ಕಡೆಯೂ ಹಬ್ಬಿತು.

ಓದುವಾಗಲೇ ಆಗುವ ತಪ್ಪು

ಉಪನೋಂದಣಾಧಿಕಾರಿ ಕಚೇರಿಯಿಂದ ತಂದ ದೃಢೀಕೃತ ನಕಲು ಕೈಯಲ್ಲಿದ್ದರೂ ಸಾಧ್ಯವಾದರೆ ಮೂಲಪತ್ರವನ್ನೂ ನೋಡಿ. ನಕಲು ಬರೆಯುವವನ ಕೈಯಲ್ಲಿ ೬ ಮತ್ತು ೯ ಅದಲುಬದಲಾಗುವುದು ಸಾಮಾನ್ಯ. ಮಸಿ ಮಾಸಿದ ಕಡೆ ೧ ಮತ್ತು ೦ ಒಂದೇ ಥರ ಕಾಣುತ್ತವೆ. ಅಳತೆಯನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆದಿದ್ದರೆ ಅಕ್ಷರವನ್ನೇ ನಂಬಿ.

ಇದಕ್ಕಿಂತ ದೊಡ್ಡ ಗುಂಡಿ ಭಿನ್ನರಾಶಿಯ ಗೀಟುಗಳು. ಹಳೆಯ ಲೆಕ್ಕದ ಬರವಣಿಗೆಯಲ್ಲಿ ಅಂಕಿಯ ಪಕ್ಕದ ಒಂದು ನಿಂತ ಗೀಟು ಕಾಲು, ಎರಡು ಗೀಟು ಅರೆ, ಮೂರು ಗೀಟು ಮುಕ್ಕಾಲು. ಹಾಗಾಗಿ ೧೧||| ಎಂದರೆ ಹನ್ನೊಂದೂಮುಕ್ಕಾಲು. ಇದು ಗೊತ್ತಿಲ್ಲದವರು ಗೀಟುಗಳನ್ನು ವಾಕ್ಯದ ಕೊನೆಯ ದಂಡ ಎಂದುಕೊಂಡು ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಮುಕ್ಕಾಲು ಗಜ ಎಂದರೆ ಸುಮಾರು 69 ಸೆಂಟಿಮೀಟರ್, ಒಬ್ಬ ಮನುಷ್ಯ ನಡೆದುಹೋಗುವ ಓಣಿಯಷ್ಟು ಅಗಲ. ಅಕ್ಷರದಲ್ಲಿ ಬರೆದಿದ್ದರೆ ಅರೆಕಾಲು ಎಂಬುದು ಎಂಟನೇ ಒಂದು ಭಾಗ, ವೀಸ ಎಂಬುದು ಹದಿನಾರನೇ ಒಂದು ಭಾಗ ಎಂದು ನೆನಪಿಡಿ.

ಪರಿವರ್ತನೆಗೆ ಕೈಹಾಕುವ ಮೊದಲು ಷೆಡ್ಯೂಲಿನ ಅಳತೆಯ ಭಾಗವನ್ನು ಒಂದಕ್ಷರವೂ ಬದಲಿಸದೆ ಹಾಳೆಗೆ ಇಳಿಸಿಕೊಳ್ಳಿ. ಚಕ್ಕುಬಂದಿಯನ್ನೂ ಬರೆದುಕೊಳ್ಳಿ: ಪೂರ್ವಕ್ಕೆ ಯಾರ ಗೋಡೆ, ಪಶ್ಚಿಮಕ್ಕೆ ಯಾವ ಬೀದಿ. ‘ಗೋಡೆ ಸಹಿತ’, ‘ಒಳ ಅಳತೆ’, ‘ಸುಮಾರು’ ಎಂಬಂಥ ಚಿಕ್ಕ ಮಾತುಗಳನ್ನು ಬಿಡಬೇಡಿ. ಇವು ಎಷ್ಟು ಮುಖ್ಯ ಎಂಬುದು ಉದಾಹರಣೆಯಲ್ಲಿ ಗೊತ್ತಾಗುತ್ತದೆ.

ಒಂದು ಪತ್ರವನ್ನು ಬಿಡಿಸೋಣ

ಉದಾಹರಣೆಗೆ ಒಂದು ಮನೆ ನಿವೇಶನದ ಪತ್ರದಲ್ಲಿ ಹೀಗಿದೆ ಎಂದುಕೊಳ್ಳಿ: ‘ಪೂರ್ವ ಪಶ್ಚಿಮ ಹದಿನೆಂಟು ಗಜ, ಉತ್ತರ ದಕ್ಷಿಣ ಹನ್ನೊಂದು ಗಜ ಒಂದು ಮೊಳ ಒಂದು ಗೇಣು, ಗೋಡೆ ಸಹಿತ, ಸುಮಾರು ಒಂದೂಮುಕ್ಕಾಲು ಗುಂಟೆ’. ಅಂಚಿನಲ್ಲಿ ಅಂಕಿಯಲ್ಲಿ ೧೮ ಮತ್ತು ೧೧||| ಎಂದಿದೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ನೆರೆಯವರ ಕಲ್ಲುಗೋಡೆ, ಪಶ್ಚಿಮಕ್ಕೆ ಬೀದಿ, ಉತ್ತರಕ್ಕೆ ದೇವಸ್ಥಾನದ ಪೌಳಿ, ದಕ್ಷಿಣಕ್ಕೆ ಮತ್ತೊಬ್ಬರ ಮನೆ.

ಮೊದಲು ಪತ್ರವನ್ನಷ್ಟೇ ಕೇಳೋಣ. ಹನ್ನೊಂದು ಗಜದ ಮೇಲೆ ಮಿಕ್ಕಿದ್ದು ಒಂದು ಮೊಳ ಒಂದು ಗೇಣು. ಗೇಣಿನ ಲೆಕ್ಕದಲ್ಲಿ ಮೊಳಕ್ಕೆ ಎರಡು ಗೇಣು, ಒಟ್ಟು ಮೂರು ಗೇಣು. ಅಂಚಿನ ಅಂಕಿ ಅದನ್ನೇ ಮುಕ್ಕಾಲು ಗಜ ಎನ್ನುತ್ತದೆ. ಮೂರು ಗೇಣು ಮುಕ್ಕಾಲು ಗಜವಾದರೆ ಪೂರ್ತಿ ಗಜಕ್ಕೆ ನಾಲ್ಕು ಗೇಣು, ಅಂದರೆ ಎರಡು ಮೊಳ. ಅಂಚಿನ ಅಂಕಿ ಇಲ್ಲದಿದ್ದರೂ ಒಂದು ವಿಷಯ ಖಚಿತವಾಗಿತ್ತು: ಇದು ಒಂದೂವರೆ ಮೊಳದ ಮುಂಬಯಿ ಗಜ ಅಲ್ಲ. ಅದಾಗಿದ್ದರೆ ಒಂದು ಮೊಳ ಒಂದು ಗೇಣು ಕೂಡಿ ಪೂರ್ತಿ ಒಂದು ಗಜವೇ ಆಗುತ್ತಿತ್ತು, ಬರೆಯುವವನು ಹನ್ನೆರಡು ಗಜ ಎಂದು ಬರೆದು ಮುಗಿಸುತ್ತಿದ್ದ. ಮಿಕ್ಕ ಅಳತೆ ಯಾವತ್ತೂ ದೊಡ್ಡ ಮಾನಕ್ಕಿಂತ ಚಿಕ್ಕದಿರಬೇಕು ಎಂಬ ಈ ಸರಳ ನಿಯಮ ಎಷ್ಟೋ ಪತ್ರಗಳ ಬೀಗ ತೆಗೆಯುತ್ತದೆ.

ಗಜ ಎರಡು ಮೊಳ ಎಂದಾಯಿತು. ಆದರೆ ಮೊಳವೇ 18 ಇಂಚಿನದೋ, 33ರ ಗಜವನ್ನು ಎರಡು ಮಾಡಿದ 16.5 ಇಂಚಿನದೋ ಎಂಬುದು ಇನ್ನೂ ಬಾಕಿ. ಅದಕ್ಕೆ ಗುಂಟೆಯನ್ನು ಕೇಳಬೇಕು. ಗುಂಟೆ 33 ಅಡಿ ಚೌಕ ಎಂದು ಸರ್ವೆಯಿಂದ ಗಟ್ಟಿಯಾಗಿ ನಿಂತದ್ದು, 1089 ಚದರ ಅಡಿ, 101.17 ಚದರ ಮೀಟರ್. ಗಜ 36 ಇಂಚಿನದಾದರೆ ಗುಂಟೆಯ ಒಂದು ಬದಿ 11 ಗಜ, ಗುಂಟೆಗೆ 121 ಚದರ ಗಜ. 33 ಇಂಚಿನದಾದರೆ ಬದಿ 12 ಗಜ, ಗುಂಟೆಗೆ 144 ಚದರ ಗಜ.

ನಮ್ಮ ನಿವೇಶನ 18ನ್ನು 11.75ರಿಂದ ಗುಣಿಸಿದರೆ 211.5 ಚದರ ಗಜ. 121ರಿಂದ ಭಾಗಿಸಿದರೆ 1.748, ಅಂದರೆ ಕೂದಲೆಳೆಯ ವ್ಯತ್ಯಾಸದಲ್ಲಿ ಒಂದೂಮುಕ್ಕಾಲು ಗುಂಟೆ. 144ರಿಂದ ಭಾಗಿಸಿದರೆ 1.469, ಒಂದೂವರೆಗೆ ಹತ್ತಿರ. ಪತ್ರ ಒಂದೂಮುಕ್ಕಾಲು ಎನ್ನುತ್ತದೆ. ಹಾಗಾಗಿ ಈ ಪತ್ರದ ಗಜ 36 ಇಂಚಿನದು. ಎಲ್ಲ ಪತ್ರಗಳೂ ಹೀಗೆ ಗುಂಟೆಯನ್ನು ಹೇಳುವುದಿಲ್ಲ. ಆದರೆ ಹಿಂದಿನ ಅಥವಾ ಮುಂದಿನ ಪತ್ರ, ವಿಭಾಗಪತ್ರ, ಅಡಮಾನ ಪತ್ರ ಯಾವುದರಲ್ಲಾದರೂ ಅದೇ ಆಸ್ತಿಯನ್ನು ಅಡಿಯಲ್ಲೋ ಗುಂಟೆಯಲ್ಲೋ ಹೇಳಿರುವ ಸಾಧ್ಯತೆ ಹೆಚ್ಚು. ಪಕ್ಕದ ಮನೆಯ ಪತ್ರವೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಒಂದೇ ಕಾಲದಲ್ಲಿ ಒಂದೇ ಬೀದಿಗೆ ಬರೆದವರು ಒಂದೇ ಕೋಲು ಹಿಡಿದಿರುವುದು ಸಹಜ.

ಈಗ ಮೀಟರಿಗೆ ಇಳಿಸೋಣ. ಮಿಶ್ರ ಅಳತೆಯನ್ನು ಮೊದಲು ಅತಿ ಚಿಕ್ಕ ಮಾನಕ್ಕೆ ತಂದರೆ ತಪ್ಪು ನುಸುಳುವುದಿಲ್ಲ. ಹನ್ನೊಂದು ಗಜಕ್ಕೆ 44 ಗೇಣು, ಮೊಳಕ್ಕೆ 2, ಮೇಲೊಂದು, ಒಟ್ಟು 47 ಗೇಣು. ಒಂದು ಗೇಣು 0.2286 ಮೀಟರ್, ಆದ್ದರಿಂದ ಉತ್ತರ ದಕ್ಷಿಣ 10.744 ಮೀಟರ್. ಹದಿನೆಂಟು ಗಜಕ್ಕೆ 72 ಗೇಣು, ಪೂರ್ವ ಪಶ್ಚಿಮ 16.459 ಮೀಟರ್. ಗುಣಿಸಿದರೆ 176.84 ಚದರ ಮೀಟರ್. ಇದನ್ನು ಅಡಿಯಲ್ಲಿ ಮಾಡಿ ತಾಳೆ ನೋಡಬಹುದು: 54 ಅಡಿ, 35 ಅಡಿ 3 ಇಂಚು, ಒಟ್ಟು 1903.5 ಚದರ ಅಡಿ, 0.0929ರಿಂದ ಗುಣಿಸಿದರೆ ಅದೇ ಉತ್ತರ ಬರುತ್ತದೆ.

ತಪ್ಪಿ 33ರ ಗಜ ಹಿಡಿದಿದ್ದರೆ ವಿಸ್ತೀರ್ಣ 148.60 ಚದರ ಮೀಟರ್ ಆಗುತ್ತಿತ್ತು. ಉದ್ದದಲ್ಲಿ ಶೇ. 8ರ ಚಿಲ್ಲರೆ ವ್ಯತ್ಯಾಸ ವಿಸ್ತೀರ್ಣದಲ್ಲಿ ಶೇ. 16 ಆಯಿತು, ಸುಮಾರು 304 ಚದರ ಅಡಿ ಕಾಣೆಯಾಯಿತು. ಎರಡೂ ಬದಿಯಲ್ಲಿ ಅದೇ ತಪ್ಪು ಸೇರಿ ಗುಣಾಕಾರವಾಗುವುದರಿಂದ ಹೀಗಾಗುತ್ತದೆ.

ನೆಲದ ಮೇಲೆ ತಾಳೆ

ಪತ್ರ ಏನೇ ಹೇಳಲಿ, ಟೇಪು ಹಿಡಿದು ನೆಲವನ್ನು ಅಳೆಯಲೇಬೇಕು. ಅಳೆಯುವುದು ಹಳೆಯ, ಕದಲದ ಗುರುತುಗಳ ನಡುವೆ: ಕಲ್ಲುಗೋಡೆ, ಪೌಳಿ, ಹಳೆಯ ಚರಂಡಿಯ ಕಲ್ಲಿನ ಅಂಚು. ಇತ್ತೀಚೆಗೆ ಹಾಕಿದ ತಂತಿ ಬೇಲಿ, ಹೊಸ ಕಾಂಪೌಂಡು ಇದಕ್ಕೆ ಸಾಕ್ಷಿಯಾಗುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಪೂರ್ವ ಪಶ್ಚಿಮ 16.38 ಮೀಟರ್, ಉತ್ತರ ದಕ್ಷಿಣ 10.70 ಮೀಟರ್ ಬಂತು ಎಂದುಕೊಳ್ಳಿ. ಪ್ರತಿಯೊಂದನ್ನೂ ಪತ್ರದ ಗಜದಿಂದ ಭಾಗಿಸಿ. 16.38ನ್ನು 18ರಿಂದ ಭಾಗಿಸಿದರೆ 0.910, 10.70ನ್ನು 11.75ರಿಂದ ಭಾಗಿಸಿದರೆ 0.911. ಎರಡೂ ಬದಿ ಒಂದೇ ಗಜವನ್ನು ಹೇಳುತ್ತಿವೆ, ಅದು 0.9144ಕ್ಕೆ ಅರ್ಧ ಶೇಕಡಾದಷ್ಟು ಮಾತ್ರ ಕಡಿಮೆ. ಕೋಲಿನಲ್ಲಿ, ಹಗ್ಗದಲ್ಲಿ ಅಳೆದ ಕಾಲಕ್ಕೆ ಇದು ಚೆನ್ನಾಗಿಯೇ ಹೊಂದಿತು ಎನ್ನಬೇಕು. ಶೇ. 1ರಿಂದ 2ರಷ್ಟು ಸರಿದರೂ ಆಶ್ಚರ್ಯವಿಲ್ಲ. ಕೈಮೊಳದಲ್ಲಿ ಅಳೆದಿದ್ದರೆ ಇನ್ನೂ ಹೆಚ್ಚು: ಅಳೆದವನ ಮೊಳ ಅರ್ಧ ಇಂಚು ಗಿಡ್ಡವಿದ್ದರೆ ಮೂವತ್ತು ಮೊಳಕ್ಕೆ 38 ಸೆಂಟಿಮೀಟರ್ ಕಡಿಮೆಯಾಗುತ್ತದೆ.

ಅನುಭವಸ್ಥರೂ ಎಡವುವ ಜಾಗ ಒಂದಿದೆ. ಅದೇ ನಿವೇಶನವನ್ನು ಅಳೆಯುವವರು ಹೊರಗಿನಿಂದ ಅಳೆಯಲು ಜಾಗವಿಲ್ಲದೆ ಗೋಡೆಗಳ ಒಳಗೆ ಟೇಪು ಹಿಡಿದರು ಎನ್ನಿ. ಹಳೆಯ ಮಣ್ಣುಗೋಡೆ ಒಂದೂವರೆ ಮೊಳ ದಪ್ಪವಿರುವುದು ವಿಶೇಷವೇನಲ್ಲ. ಎರಡು ಕಡೆಯ ಗೋಡೆ ಸೇರಿ ಮೂರು ಮೊಳ, 1.37 ಮೀಟರ್. ಪೂರ್ವ ಪಶ್ಚಿಮ 16.46 ಬರಬೇಕಾದ ಕಡೆ 15.09 ಬರುತ್ತದೆ. ಇದು 33 ಇಂಚಿನ ಗಜದಲ್ಲಿ ಹದಿನೆಂಟು ಗಜ ಎಷ್ಟಾಗುತ್ತದೋ ಸರಿಯಾಗಿ ಅಷ್ಟೇ! ಒಂದೇ ಬದಿಯನ್ನು ಅಳೆದು ನಿಲ್ಲಿಸಿದವರು ‘ಇದು ಮದರಾಸಿನ ಗಜ’ ಎಂದು ಖಚಿತವಾಗಿ ಹೇಳಿಬಿಡುತ್ತಾರೆ, ಅವರನ್ನು ದೂರಲಾಗುವುದೂ ಇಲ್ಲ.

ಇನ್ನೊಂದು ಬದಿಯನ್ನೂ ಅಳೆದರೆ ಗುಟ್ಟು ಹೊರಬೀಳುತ್ತದೆ. ಗಜವೇ ಚಿಕ್ಕದಾಗಿದ್ದರೆ ಕೊರತೆ ಉದ್ದಕ್ಕೆ ತಕ್ಕಂತೆ ಇರಬೇಕು: ಉದ್ದ ಬದಿಯಲ್ಲಿ ಹೆಚ್ಚು, ಗಿಡ್ಡ ಬದಿಯಲ್ಲಿ ಕಡಿಮೆ. ಆಗ ಉತ್ತರ ದಕ್ಷಿಣ 9.85 ಮೀಟರ್ ಬಂದು, ಗಜಕ್ಕೆ ಎರಡೂ ಕಡೆ 0.838 ಸಿಗುತ್ತದೆ. ಗೋಡೆಯ ದಪ್ಪ ಬಿಟ್ಟುಹೋಗಿದ್ದರೆ ಎರಡೂ ಬದಿಯಲ್ಲಿ ಕೊರತೆ ಒಂದೇ, 1.37 ಮೀಟರ್. ಆಗ ಉತ್ತರ ದಕ್ಷಿಣ 9.37 ಮೀಟರ್ ಬರುತ್ತದೆ. ಗಜಕ್ಕೆ ಒಂದು ಕಡೆ 0.838, ಇನ್ನೊಂದು ಕಡೆ 0.797. ಎರಡು ಬದಿಗಳ ಗಜ ಬೇರೆಬೇರೆ ಬಂದರೆ ದೋಷ ಗಜದಲ್ಲಿಲ್ಲ. ಬದಿಗಳು ಎಷ್ಟು ಅಸಮವಾಗಿವೆಯೋ ಈ ಪರೀಕ್ಷೆ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಚೌಕ ನಿವೇಶನದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಹಿತ್ತಲು, ಬಾವಿಕಟ್ಟೆ, ಪಕ್ಕದ ಮನೆ ಹೀಗೆ ಪತ್ರ ಅಳತೆ ಹೇಳಿರುವ ಇನ್ನೊಂದು ಉದ್ದವನ್ನು ಹುಡುಕಬೇಕು.

ಮೂರನೆಯ ಸಾಧ್ಯತೆಯೂ ಇದೆ. ಒಂದು ಬದಿ ಸರಿಯಾಗಿ ಹೊಂದಿ ಇನ್ನೊಂದು ಮಾತ್ರ ಕಡಿಮೆ ಬಂದರೆ, ಅದು ಮಾನದ ಸಮಸ್ಯೆಯೂ ಅಲ್ಲ, ಗೋಡೆಯ ಸಮಸ್ಯೆಯೂ ಅಲ್ಲ. ಬೀದಿ ಅಗಲವಾಗಿದೆಯೇ, ನೆರೆಯವರ ಗೋಡೆ ಸರಿದಿದೆಯೇ ಎಂದು ನೋಡಬೇಕು. ಅದಕ್ಕೆ ಗಜದ ಬೆಲೆಯನ್ನು ಬದಲಿಸಿ ಲೆಕ್ಕ ಹೊಂದಿಸಿಬಿಟ್ಟರೆ ಒತ್ತುವರಿಯನ್ನು ನಾವೇ ಕಾಗದದಲ್ಲಿ ಒಪ್ಪಿಕೊಂಡಂತಾಗುತ್ತದೆ.

ಅಂಗುಲ ಮತ್ತು ಚದರ

‘ಆರು ಮೊಳ ಹದಿನೈದು ಅಂಗುಲ’ ಎಂದಿದ್ದರೆ ಈ ಅಂಗುಲ ಯಾವುದು? ಇಂದು ಇಂಚನ್ನೂ ಅಂಗುಲ ಎನ್ನುತ್ತೇವೆ. ಆದರೆ ಮೊಳಕ್ಕೆ 24 ಎಂದು ಭಾಗಿಸಿದ ಹಳೆಯ ಅಂಗುಲ ಮುಕ್ಕಾಲು ಇಂಚು, 1.905 ಸೆಂಟಿಮೀಟರ್. ಮೊದಲನೆಯ ಅರ್ಥದಲ್ಲಿ ಈ ಅಳತೆ 3.12 ಮೀಟರ್, ಎರಡನೆಯದರಲ್ಲಿ 3.03 ಮೀಟರ್. ಇಲ್ಲಿಯೂ ಮಿಕ್ಕ ಅಳತೆಯ ನಿಯಮವೇ ನೆರವಿಗೆ ಬರುತ್ತದೆ. ಪತ್ರದಲ್ಲಿ ಎಲ್ಲಾದರೂ ಮೊಳದ ಹಿಂದೆ 18 ಅಥವಾ ಅದಕ್ಕಿಂತ ಹೆಚ್ಚಿನ ಅಂಗುಲ ಬಂದಿದ್ದರೆ ಅದು ಇಂಚು ಆಗಲಾರದು, 24ರ ಅಂಗುಲವೇ. ಅಡಿಯ ಹಿಂದೆ ಬಂದ ಅಂಗುಲ ಬಹುತೇಕ ಯಾವಾಗಲೂ ಇಂಚು. ಕಾಸರಗೋಡಿನಿಂದ ಕೆಳಗೆ ಕೇರಳದ ಕೋಲು ಬಳಕೆಯಲ್ಲಿರುವ ಕಡೆ ಇನ್ನೂ ಬೇರೆ: ಅಲ್ಲಿ 72 ಸೆಂಟಿಮೀಟರಿನ ಕೋಲಿಗೆ 24 ಅಂಗುಲ, ಹಾಗಾಗಿ ಒಂದು ಅಂಗುಲವೇ 3 ಸೆಂಟಿಮೀಟರ್. 24 ಎಂಬ ಸಂಖ್ಯೆ ನೋಡಿ ಕೋಲನ್ನು ಮೊಳ ಎಂದುಕೊಂಡರೆ ಉದ್ದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗುತ್ತದೆ.

ವಿಸ್ತೀರ್ಣದ ಪದಗಳಲ್ಲಿ ಜಾಗದ ಬದಲಾವಣೆಯೇ ಅರ್ಥ ಬದಲಿಸುತ್ತದೆ. ‘ಹತ್ತು ಚದರ ಗಜ’ ಎಂದರೆ ಹತ್ತೇ, 8.36 ಚದರ ಮೀಟರ್. ‘ಹತ್ತು ಗಜ ಚೌಕ’ ಎಂದರೆ ಬದಿಗೆ ಹತ್ತು ಗಜ, ನೂರು ಚದರ ಗಜ, 83.61 ಚದರ ಮೀಟರ್. ಗಜಕ್ಕೆ ಎರಡು ಮೊಳವಾದರೂ ಚದರ ಗಜಕ್ಕೆ ನಾಲ್ಕು ಚದರ ಮೊಳ ಎಂಬುದನ್ನು ಅವಸರದಲ್ಲಿ ಮರೆಯುವವರು ಬಹಳ.

ಹುಬ್ಬಳ್ಳಿ, ಧಾರವಾಡದಂಥ ಕಡೆ ಸಿಟಿ ಸರ್ವೆ ಆದ ಆಸ್ತಿಗಳ ದಾಖಲೆಯಲ್ಲಿ ಚದರ ಗಜವನ್ನು ಒಂಬತ್ತನೇ ಭಾಗಗಳೊಡನೆ ಬರೆಯುವ ರೂಢಿಯಿದೆ, 211-4/9 ಎಂಬಂತೆ. ಒಂದು ಚದರ ಗಜಕ್ಕೆ ಒಂಬತ್ತು ಚದರ ಅಡಿಯಾದ್ದರಿಂದ ಗೀಟಿನ ನಂತರದ 4 ಎಂದರೆ ನಾಲ್ಕು ಚದರ ಅಡಿ. ಅದನ್ನು 211.4 ಎಂದು ಟೈಪು ಮಾಡಿದರೆ ವ್ಯತ್ಯಾಸ ಚಿಕ್ಕದು; 211-8/9ನ್ನು 211.8 ಎಂದರೆ ಹತ್ತಿರ ಹತ್ತಿರ ಒಂದು ಚದರ ಅಡಿ ಹೋಗುತ್ತದೆ. ಇಂಥ ದಾಖಲೆಯಲ್ಲಿ ಗಜದ ಬಗ್ಗೆ ಮಾತ್ರ ಸಂಶಯ ಬೇಡ, ಅದು 36 ಇಂಚಿನದೇ.

ಹೊಸ ಪತ್ರದಲ್ಲಿ ಬರೆಯುವಾಗ

ಉತ್ತರವನ್ನು ಎಷ್ಟು ದಶಮಾಂಶಕ್ಕೆ ಬರೆಯಬೇಕು? ಗೇಣಿನವರೆಗೆ ಅಳೆದ ಪತ್ರದಲ್ಲಿ ಅರ್ಧ ಗೇಣಿನಷ್ಟು, ಅಂದರೆ 11 ಸೆಂಟಿಮೀಟರಿನಷ್ಟು ಅನಿಶ್ಚಿತತೆ ಇದ್ದೇ ಇರುತ್ತದೆ. ಅಂಥದ್ದನ್ನು 16.4592 ಮೀಟರ್ ಎಂದು ಬರೆದರೆ ಮೂಲದಲ್ಲಿಲ್ಲದ ನಿಖರತೆಯನ್ನು ನಾವು ಸೇರಿಸಿದಂತೆ. ಬದಿಗೆ ಎರಡು ದಶಮಾಂಶ ಸಾಕು. ವಿಸ್ತೀರ್ಣವನ್ನು ಮಾತ್ರ ಪೂರ್ತಿ ಅಂಕಿಗಳಿಂದ ಗುಣಿಸಿ ಕೊನೆಯಲ್ಲಿ ಕಿರಿದುಗೊಳಿಸಿ. ಮೊದಲೇ ಕಿರಿದುಗೊಳಿಸಿದ 16.46 ಮತ್ತು 10.74ನ್ನು ಗುಣಿಸಿದರೆ 176.78 ಬಂದು, ಒಂದೇ ಪತ್ರದೊಳಗೆ ಎರಡು ವಿಸ್ತೀರ್ಣಗಳು ಕಾಣಿಸಿಕೊಳ್ಳುತ್ತವೆ.

ಹೊಸ ಷೆಡ್ಯೂಲಿನಲ್ಲಿ ಹಳೆಯ ಅಳತೆಯನ್ನು ಅಳಿಸಿ ಮೀಟರನ್ನಷ್ಟೇ ಬರೆಯುವುದು ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದೆ ಯಾರಾದರೂ ಹಳೆಯ ಪತ್ರಕ್ಕೂ ಹೊಸದಕ್ಕೂ ಸಂಬಂಧ ಹುಡುಕುವಾಗ ಎಳೆ ಕಡಿದಿರುತ್ತದೆ. ಮೂರನ್ನೂ ಒಟ್ಟಿಗೆ ಇಡಿ: ಮೂಲದ ಮಾತು, ಹಿಡಿದ ಮಾನ, ಬಂದ ಮೀಟರು. ನಮ್ಮ ಉದಾಹರಣೆಗೆ ಒಕ್ಕಣೆ ಹೀಗಿರಬಹುದು: ‘ಮೂಲ ಕ್ರಯಪತ್ರದಂತೆ ಪೂರ್ವ ಪಶ್ಚಿಮ 18 ಗಜ, ಉತ್ತರ ದಕ್ಷಿಣ 11 ಗಜ 1 ಮೊಳ 1 ಗೇಣು, ಗೋಡೆ ಸಹಿತ; ಒಂದು ಗಜಕ್ಕೆ 2 ಮೊಳ, 36 ಇಂಚು ಎಂಬ ಲೆಕ್ಕದಲ್ಲಿ ಕ್ರಮವಾಗಿ 16.46 ಮೀಟರ್ ಮತ್ತು 10.74 ಮೀಟರ್, ವಿಸ್ತೀರ್ಣ 176.84 ಚದರ ಮೀಟರ್. ಸ್ಥಳದ ಅಳತೆಯಂತೆ 16.38 ಮೀಟರ್ ಮತ್ತು 10.70 ಮೀಟರ್’. ಸ್ಥಳದ ಅಳತೆಯನ್ನು ಪರಿವರ್ತನೆಯ ಅಳತೆಯೊಳಗೆ ಬೆರೆಸಬಾರದು. ಎರಡೂ ಬೇರೆ ಬೇರೆ ಸಂಗತಿಗಳು, ಬೇರೆ ಬೇರೆಯಾಗಿಯೇ ನಿಲ್ಲಬೇಕು.

ಚಕ್ಕುಬಂದಿಯನ್ನು ಯಾವ ಕಾರಣಕ್ಕೂ ಚುಟುಕು ಮಾಡಬೇಡಿ. ಗಡಿಗಳು ಸ್ಪಷ್ಟವಾಗಿದ್ದು, ಅಳತೆ ಅದಕ್ಕೆ ಹೊಂದದಿದ್ದರೆ ಸಾಮಾನ್ಯವಾಗಿ ಗಡಿಗೇ ಮನ್ನಣೆ ಎಂಬುದು ನಮ್ಮ ನ್ಯಾಯಾಲಯಗಳು ಪಾಲಿಸಿಕೊಂಡು ಬಂದ ತತ್ತ್ವ. 1908ರ ನೋಂದಣಿ ಕಾಯಿದೆಯ 21ನೇ ಕಲಮೂ ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರಣೆಯನ್ನು ಕೇಳುತ್ತದೆ. ಗಡಿಯಲ್ಲಿದ್ದವರ ಹೆಸರು ಬದಲಾಗಿದ್ದರೆ ‘ಹಿಂದೆ ಇಂಥವರದು, ಈಗ ಇಂಥವರದು’ ಎಂದು ಎರಡನ್ನೂ ಬರೆಯಿಸಿ. ಈಗಾಗಲೇ ನೋಂದಣಿಯಾದ ಪತ್ರದಲ್ಲಿ ತಪ್ಪು ಪರಿವರ್ತನೆ ಸೇರಿಹೋಗಿದ್ದರೆ, ಎರಡೂ ಕಡೆಯವರು ಒಪ್ಪಿದಲ್ಲಿ ತಿದ್ದುಪಡಿ ಪತ್ರವನ್ನು ನೋಂದಾಯಿಸಬಹುದು. ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೇ ಕಲಮಿನಡಿ ನ್ಯಾಯಾಲಯವನ್ನು ಕೇಳಬೇಕಾಗುತ್ತದೆ. ಅಲ್ಲಿ ಗಜ ಎಷ್ಟು ಇಂಚು ಎಂಬ ಪ್ರಶ್ನೆ ಬಂದಾಗ ಮುಂದಿಡಬೇಕಾದವು ಇವೇ: ಮೂಲಪತ್ರದ ಅಂಚಿನ ಗೀಟುಗಳು, ಗುಂಟೆಯ ಮಾತು, ಅದೇ ಬೀದಿಯ ಇನ್ನೊಂದು ಪತ್ರ, ಮತ್ತು ಎರಡೂ ಬದಿಯನ್ನು ಹಳೆಯ ಗುರುತುಗಳ ನಡುವೆ ಅಳೆದ ನಕ್ಷೆ.